ಮೊದಲ ಗುಡುಗಿಗೇ ಕೆಲಸ ನಿಲ್ಲಿಸಿ, ಮಳೆಗೆ ಕಾಯಬೇಡಿ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ. ಮನೆ ಮೇಲೆ, ತೋಟ ಕೆಳಗೆ ತಗ್ಗಿನಲ್ಲಿ. ಮೇ ಕೊನೆಗೆ ಔಷಧಿ ಹೊಡೆಸುವಾಗ ದಿನಾ ಮಧ್ಯಾಹ್ನ ಗುಡುಗು ಶುರು. ಮಳೆ ಬಿದ್ದ ಕೂಡಲೇ ಎಲ್ಲರೂ ಪಂಪ್ ಶೆಡ್ಡಿಗೆ ಓಡ್ತೇವೆ. ಅಷ್ಟು ಸಾಕಾ? ಕೆಲಸ ಯಾವಾಗ ನಿಲ್ಲಿಸಬೇಕು? ನನ್ನ ತಮ್ಮ ಮೊಬೈಲ್ ಟವರ್ ಹತ್ತುವ ಕೆಲಸದಲ್ಲಿದ್ದಾನೆ. ಟವರ್ ತುದಿಯಲ್ಲೇ ಸಿಡಿಲು ತಡೆಯುವ ಕಂಬಿ ಇರುತ್ತೆ, ನಮಗೇನೂ ಆಗಲ್ಲ ಅಂತಾನೆ. ನಿಜವಾ?

ಉತ್ತರ: ಪಂಪ್ ಶೆಡ್ ಸಾಕಾಗುವುದಿಲ್ಲ. ನಿಮ್ಮ ತಮ್ಮ ಹೇಳುವುದೂ ಸರಿಯಲ್ಲ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕರೆಂಟ್ ಲೈನ್ ಮತ್ತು ಟವರ್ ಕೆಲಸದವರ ಸುರಕ್ಷತೆ ನೋಡಿಕೊಂಡವನು. ಈಗ ಊರಲ್ಲೇ ಇದ್ದು ಸ್ವಲ್ಪ ತೋಟವನ್ನೂ ನೋಡಿಕೊಳ್ಳುತ್ತೇನೆ. ಎರಡೂ ಕಡೆ ಒಂದೇ ತಪ್ಪು ನಡೆಯುವುದನ್ನು ಕಂಡಿದ್ದೇನೆ. ನಾವು ಮಳೆ ನೋಡಿ ಕೆಲಸ ನಿಲ್ಲಿಸುತ್ತೇವೆ. ಸಿಡಿಲಿಗೆ ಮಳೆ ಬೇಕಾಗಿಲ್ಲ. ಮೋಡದ ನಡುಭಾಗದಿಂದ ಹತ್ತು ಕಿಲೋಮೀಟರ್ ಆಚೆ, ಬಿಸಿಲು ಇರುವ ಜಾಗಕ್ಕೂ ಅದು ಬೀಳಬಹುದು. ಮೊದಲ ಹನಿ ಬೀಳುವ ಹೊತ್ತಿಗೆ ನೀವು ಎಷ್ಟೋ ನಿಮಿಷದಿಂದ ಅಪಾಯದೊಳಗೇ ಇದ್ದಿರಿ ಅಂತ ಅರ್ಥ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ಮೋಸ ಇದೆ. ಆರಿದ್ರಾ, ಪುನರ್ವಸು ಮಳೆಗೆ ಆಗುಂಬೆ ಕಡೆ ದಿನಗಟ್ಟಲೆ ಸುರಿಯುತ್ತದೆ, ಆದರೆ ಗುಡುಗು ಕಡಿಮೆ. ನಾವು ಕಂಬಳಿ ಕೊಪ್ಪೆ ಹಾಕಿಕೊಂಡೋ ಪ್ಲಾಸ್ಟಿಕ್ ಹೊದ್ದೋ ಅದರಲ್ಲೇ ಕೆಲಸ ಮಾಡುತ್ತೇವೆ. ಹಾಗಾಗಿ ಮಳೆ ಅಂದರೆ ನಮಗೆ ಭಯ ಇಲ್ಲ. ಸಿಡಿಲಿನ ಕಾಲ ಬೇರೆಯೇ. ಅಶ್ವಿನಿ, ಭರಣಿಯಿಂದ ರೋಹಿಣಿವರೆಗೆ ಒಂದು ಸಲ, ಆಮೇಲೆ ಚಿತ್ತಾ, ಸ್ವಾತಿ ಹೊತ್ತಿಗೆ ಇನ್ನೊಂದು ಸಲ. ಬೆಳಗ್ಗೆಯೆಲ್ಲ ಸುಡುವ ಬಿಸಿಲು, ಊಟ ಆದ ಮೇಲೆ ಗುಡ್ಡದ ಹಿಂದೆ ಹೂಕೋಸಿನ ಹಾಗೆ ಮೇಲೇಳುವ ಮೋಡ. ನಮ್ಮ ಕೆಲಸವೂ ಸರಿಯಾಗಿ ಅದೇ ಹೊತ್ತಿಗೆ ಬೀಳುತ್ತದೆ. ಮೊದಲನೆಯದಕ್ಕೆ ಮಳೆಗಾಲದ ಮುಂಚಿನ ಔಷಧಿ, ಎರಡನೆಯದಕ್ಕೆ ಅಡಿಕೆ ಗೊನೆಯ ಕೊಯ್ಲು.

ಕೆಲಸ ಯಾವಾಗ ನಿಲ್ಲಿಸಬೇಕು ಅನ್ನುವುದು ಮೋಡದ ಮೇಲೆ ಮಾತ್ರ ನಿಂತಿಲ್ಲ. ನಿಮ್ಮ ಜನರಲ್ಲಿ ಅತಿ ದೂರ ಇರುವವನಿಗೆ ಸುರಕ್ಷಿತ ಜಾಗ ತಲುಪಲು ಎಷ್ಟು ನಿಮಿಷ ಬೇಕು ಅನ್ನುವುದರ ಮೇಲೆ ನಿಂತಿದೆ. ಇದನ್ನು ಅಂದಾಜಿಗೆ ಹೇಳಬೇಡಿ, ಒಂದು ದಿನ ಗಡಿಯಾರ ಹಿಡಿದು ಅಳೆಯಿರಿ. ನಿಮ್ಮ ತೋಟವನ್ನೇ ತೆಗೆದುಕೊಳ್ಳೋಣ. ಏಳು ಜನ ಇದ್ದಾರೆ ಅಂದುಕೊಳ್ಳಿ. ಔಷಧಿ ಹೊಡೆಯುವ ಉದ್ದನೆಯ ದೋಟಿ ಹಿಡಿದವನು ತೋಟದ ಕೆಳ ತುದಿಯಲ್ಲಿ, ಹಳ್ಳದ ಪಕ್ಕ ಇದ್ದಾನೆ. ನೀವು ಮೇಲಿಂದ ಕೂಗಿದ್ದು ಪಂಪಿನ ಸದ್ದಿನಲ್ಲಿ ಅವನಿಗೆ ಕೇಳುವುದಿಲ್ಲ. ಒಬ್ಬರು ಹೋಗಿ ಹೇಳಬೇಕು, ಅದಕ್ಕೆ ಎರಡು ನಿಮಿಷ. ದೋಟಿ ಇಳಿಸಿ ಮಡಿಸಲು ಎರಡು ನಿಮಿಷ. ಪೈಪ್ ಸುತ್ತುತ್ತಾ ನಿಂತರೆ ಇನ್ನೂ ಮೂರು. ಆಮೇಲೆ ಜಾರುವ ಏರಿನಲ್ಲಿ ಮನೆಗೆ ಎಂಟು ನಿಮಿಷ. ಒಟ್ಟು ಹದಿನೈದು.

ಈಗ ಮೋಡದ ಲೆಕ್ಕ. ಗುಡುಗಿನ ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತದೆ. ಮಿಂಚು ಕಂಡಾಗಿನಿಂದ ಎಣಿಸಿ, ಮೂವತ್ತಕ್ಕೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರ್ ದೂರ. ಇಂಥ ಮೋಡ ಗಂಟೆಗೆ ಮೂವತ್ತು ಕಿಲೋಮೀಟರ್ ಓಡುತ್ತದೆ ಅಂದರೆ ನಿಮಿಷಕ್ಕೆ ಅರ್ಧ ಕಿಲೋಮೀಟರ್. ನಿಮ್ಮ ಹದಿನೈದು ನಿಮಿಷದಲ್ಲಿ ಅದು ಏಳೂವರೆ ಕಿಲೋಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ನೀವು ಹೊರಟಾಗ ಹತ್ತು ಕಿಲೋಮೀಟರ್ ದೂರ ಇದ್ದದ್ದು, ಮನೆ ಅಂಗಳಕ್ಕೆ ಕಾಲಿಡುವಾಗ ಎರಡೂವರೆ ಕಿಲೋಮೀಟರಿಗೆ ಬಂದಿದೆ. ಮೋಡ ದಾರಿಯಲ್ಲೇ ಹೊಸದಾಗಿ ಬೆಳೆದರೆ ಅಷ್ಟೂ ಸಮಯ ಸಿಗುವುದಿಲ್ಲ.

ಅದಕ್ಕೇ ನಾನು ಕೆಲಸದ ಜಾಗದಲ್ಲಿ ಎಣಿಸಲು ಹೇಳುವುದಿಲ್ಲ. ಎಣಿಸಿದವರು ಚೌಕಾಸಿಗೆ ಇಳಿಯುತ್ತಾರೆ. ಇನ್ನೂ ಇಪ್ಪತ್ತೈದು ಇದೆ, ಈ ಸಾಲು ಮುಗಿಸೋಣ ಅನ್ನುತ್ತಾರೆ. ಗುಡುಗು ಕಿವಿಗೆ ಬಿತ್ತು ಅಂದರೆ ನೀವು ಆಗಲೇ ಅದರ ವ್ಯಾಪ್ತಿಯೊಳಗೆ ಇದ್ದೀರಿ. ಮೊದಲ ಗುಡುಗಿಗೆ ಪಂಪ್ ಬಂದ್. ದೋಟಿ ಇಳಿಸಿ ನೆಲಕ್ಕೆ ಹಾಕಿ. ಪೈಪ್ ಸುತ್ತಬೇಡಿ, ಅಲ್ಲೇ ಬಿಡಿ. ಔಷಧಿ ಡ್ರಮ್ ಮುಚ್ಚುವುದಕ್ಕೂ ನಿಲ್ಲಬೇಡಿ. ಬೋರ್ಡೋ ಮಿಶ್ರಣ ಹಾಳಾಗುತ್ತೆ ಅಂತ ಸಂಕಟ ಆಗುತ್ತದೆ, ಗೊತ್ತು. ನನಗೂ ಒಮ್ಮೆ ಒಂದು ಡ್ರಮ್ ಹಾಗೇ ಹೋಗಿದೆ. ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಬಹುದು, ಅಷ್ಟೇ ಹೋಗಿದ್ದು.

ಆದರೆ ನಿಮ್ಮ ಹಾಗೆ ಹದಿನೈದು ನಿಮಿಷ ಬೇಕಾದವರಿಗೆ ಮೊದಲ ಗುಡುಗೂ ತಡವೇ. ಪಂಪಿನ ಎಂಜಿನ್ನೋ ಕಳೆ ಕೊಚ್ಚುವ ಯಂತ್ರವೋ ಓಡುತ್ತಿದ್ದರೆ ದೂರದ ಗುಡುಗು ಕೇಳುವುದೇ ಇಲ್ಲ. ನಡುವೆ ಗುಡ್ಡ ಇದ್ದರೆ ಮಿಂಚೂ ಕಾಣುವುದಿಲ್ಲ. ಇದಕ್ಕೆ ಎರಡು ದಾರಿ ಇದೆ.

ಒಂದು, ಗುಡುಗಿಗಿಂತ ಮೊದಲೇ ತಿಳಿದುಕೊಳ್ಳುವುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಇದೆ. ಬೇರೆ ಬೇರೆ ಕಡೆ ಇಟ್ಟಿರುವ ಉಪಕರಣಗಳಿಂದ ಸಿಡಿಲು ಬಿದ್ದ ಜಾಗ ಗುರುತಿಸಿ, ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಏನು ನಡೆಯುತ್ತಿದೆ ಅಂತ ಅದು ತೋರಿಸುತ್ತದೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರ ‘ಸಿಡಿಲು’ ಅನ್ನುವ ಆ್ಯಪ್ ಕೂಡ ಇದೆ. ಮಧ್ಯಾಹ್ನ ಒಂದು ಗಂಟೆ ಆದ ಮೇಲೆ ಅರ್ಧ ಗಂಟೆಗೊಮ್ಮೆ ಯಾರಾದರೂ ಒಬ್ಬರು ಇದನ್ನು ನೋಡಲಿ. 40ರ ಒಳಗೆ ಸಿಡಿಲು ಕಂಡರೆ ಹತ್ತು ನಿಮಿಷಕ್ಕೊಮ್ಮೆ ನೋಡಿ, ಕೆಳ ತುದಿಯ ಸಾಲು ಬಿಟ್ಟು ಮನೆ ಹತ್ತಿರದ ಸಾಲಿಗೆ ಬನ್ನಿ. 20ರ ಒಳಗೆ ಬಂದರೆ ಗುಡುಗಿಗೆ ಕಾಯದೆ ಹೊರಡಿ. ಒಂದು ಮಾತು ನೆನಪಿಡಿ. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಆ್ಯಪ್ ಹಳೆಯ ಚಿತ್ರವನ್ನೇ ತೋರಿಸುತ್ತಾ ಕೂರುತ್ತದೆ. ಅದರ ಮೇಲಿನ ಸಮಯ ನೋಡದೆ ನಂಬಬೇಡಿ. ಸಿಗ್ನಲ್ ಇಲ್ಲದ ಕಡೆ ಮನೆಯಲ್ಲಿರುವವರು ನೋಡಿ, ಶಿಳ್ಳೆಯನ್ನೋ ಗಂಟೆಯನ್ನೋ ಬಾರಿಸಿ ತಿಳಿಸಬೇಕು. ಆ್ಯಪ್ ಖಾಲಿ ತೋರಿಸುತ್ತಿದೆ, ಆದರೆ ಗುಡುಗು ಕೇಳಿಸಿತು ಅಂದರೆ ಕಿವಿಯ ಮಾತೇ ಕೊನೆ.

ಇನ್ನೊಂದು, ಸುರಕ್ಷಿತ ಜಾಗವನ್ನೇ ಹತ್ತಿರ ತರುವುದು. ತೋಟದ ಬಾಯಿವರೆಗೆ ಗಾಡಿ ಹೋಗುವ ದಾರಿ ಇದ್ದರೆ ಕಾರನ್ನೋ ಓಮ್ನಿಯನ್ನೋ ತಂದು ನಿಲ್ಲಿಸಿ. ತಗಡಿನ ಮಾಡು, ನಾಲ್ಕೂ ಕಡೆ ತಗಡಿನ ಮೈ ಇರುವ ಗಾಡಿ ಒಳ್ಳೆಯ ರಕ್ಷಣೆ. ಸಿಡಿಲು ಬಡಿದರೆ ಅದರ ಹೊರಮೈ ಮೇಲೇ ಹರಿದು ನೆಲಕ್ಕೆ ಹೋಗುತ್ತದೆ. ಟೈರಿನ ರಬ್ಬರ್ ಕಾಪಾಡುತ್ತೆ ಅನ್ನುವುದು ತಪ್ಪು ತಿಳಿವಳಿಕೆ. ಮೋಡದಿಂದ ಕಿಲೋಮೀಟರುಗಟ್ಟಲೆ ಗಾಳಿ ಸೀಳಿಕೊಂಡು ಬಂದದ್ದಕ್ಕೆ ಅರ್ಧ ಅಡಿ ರಬ್ಬರ್ ಯಾವ ಲೆಕ್ಕ? ಗಂಬೂಟಿಗೂ ಇದೇ ಮಾತು. ಗಾಜು ಏರಿಸಿ, ಬಾಗಿಲು, ಸ್ಟೇರಿಂಗ್, ರೇಡಿಯೋ ಮುಟ್ಟದೆ ಕೈ ಮಡಿಲಲ್ಲಿಟ್ಟು ಕೂರಿ. ಬಟ್ಟೆ ಮಾಡಿನ ಜೀಪು, ಆಟೋ, ಬೈಕು, ತೆರೆದ ಟ್ರ್ಯಾಕ್ಟರ್, ಪಿಕಪ್ಪಿನ ಹಿಂದಿನ ಡಾಲಾ, ಇವು ಯಾವುವೂ ಆಗುವುದಿಲ್ಲ. ಒಂದೇ ಗಾಡಿಯಲ್ಲಿ ಏಳು ಜನ ಇಕ್ಕಟ್ಟಾದರೂ ಅರ್ಧ ಗಂಟೆಯ ಮಾತು, ಕೂರಬಹುದು.

ಪಂಪ್ ಶೆಡ್ ಯಾಕೆ ಬೇಡ ಅಂದರೆ, ಅದರಲ್ಲಿ ಸಿಡಿಲಿಗೆ ಇಷ್ಟವಾದದ್ದೆಲ್ಲ ಸೇರಿಕೊಂಡಿದೆ. ನಿಮ್ಮ ಶೆಡ್ಡನ್ನು ನಾನು ನೋಡಿಲ್ಲ, ಆದರೆ ಬಹುತೇಕ ಹೀಗಿರುತ್ತದೆ. ನಾಲ್ಕು ಕಂಬ, ಮೇಲೆ ತಗಡು, ಎರಡು ಕಡೆ ಗೋಡೆಯೇ ಇಲ್ಲ. ಕಂಬದ ಮೇಲಿಂದ ಬಂದ ಕರೆಂಟ್ ತಂತಿ, ಸ್ಟಾರ್ಟರ್ ಪೆಟ್ಟಿಗೆ, ನೆಲದೊಳಗೆ ಇಳಿದ ಬೋರಿನ ಪೈಪು. ದೂರದ ಲೈನಿಗೆ ಸಿಡಿಲು ಬಡಿದರೂ ತಂತಿ ಹಿಡಿದು ಇಲ್ಲಿಗೆ ಬರುತ್ತದೆ. ತಗಡಿಗೆ ಬಡಿದರೆ ಕಂಬದ ಬದಲು ಪಕ್ಕದಲ್ಲಿ ನಿಂತ ಮನುಷ್ಯನ ಮೂಲಕ ಹಾರಿ ನೆಲ ಸೇರಬಹುದು. ಮಳೆ ನಿಲ್ಲಿಸುವ ಜಾಗ ಬೇರೆ, ಸಿಡಿಲು ನಿಲ್ಲಿಸುವ ಜಾಗ ಬೇರೆ. ಗದ್ದೆಯ ಕಾವಲು ಗುಡಿಸಲು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು, ರಸ್ತೆ ಬದಿಯ ಬಸ್ ತಂಗುದಾಣ, ಇವೆಲ್ಲ ಮಳೆಗೆ ಮಾತ್ರ.

ಮನೆ ಒಳ್ಳೆಯದು, ಆದರೆ ಮನೆಯ ಎಲ್ಲ ಜಾಗವೂ ಒಂದೇ ಅಲ್ಲ. ಕಾಂಕ್ರೀಟ್ ತಾರಸಿ, ಒಳಗೆ ಕಬ್ಬಿಣದ ಸರಳು, ಸರಿಯಾದ ಅರ್ಥಿಂಗ್ ಇರುವ ಮನೆ ಎಲ್ಲಕ್ಕಿಂತ ಉತ್ತಮ. ನಮ್ಮ ಹಳೆಯ ಮಣ್ಣಿನ ಗೋಡೆ, ಹೆಂಚಿನ ಮಾಡಿನ ಮನೆ ಅಷ್ಟು ಭದ್ರ ಅಲ್ಲ. ಆದರೂ ತೋಟಕ್ಕಿಂತ, ಶೆಡ್ಡಿಗಿಂತ ಎಷ್ಟೋ ವಾಸಿ. ಕೆಲಸದವರು ಬಂದು ಜಗಲಿಯಲ್ಲಿ ಕಂಬಕ್ಕೆ ಒರಗಿ, ಸೂರಿನ ನೀರು ನೋಡುತ್ತಾ ನಿಲ್ಲುತ್ತಾರೆ. ಮನೆಗೆ ಬಂದೂ ಅಪಾಯಕ್ಕೆ ಸಿಕ್ಕಿಕೊಳ್ಳುವುದು ಅಲ್ಲೇ. ಎಲ್ಲರನ್ನೂ ನಡುಮನೆಗೆ ಕರೆಯಿರಿ. ಒದ್ದೆ ಕಾಲು, ಔಷಧಿ ಬಟ್ಟೆ ಅಂತ ಅವರಾಗಿ ಒಳಗೆ ಬರಲು ಹಿಂಜರಿಯುತ್ತಾರೆ. ಒಂದು ಚಾಪೆ ಹಾಸಿ ಕೂರಿಸಿ, ಕಾಫಿಯನ್ನೂ ಅಲ್ಲೇ ಕೊಡಿ. ಕಿಟಕಿ ಸರಳು, ಗೋಡೆ, ಸ್ವಿಚ್ ಬೋರ್ಡು, ಟಿವಿ ಕೇಬಲ್ಲಿನಿಂದ ದೂರ ಇರಲಿ. ಔಷಧಿ ಮೈಮೇಲೆ ಬಿದ್ದಿದೆ ಅಂತ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವುದು ಗುಡುಗು ಮುಗಿದ ಮೇಲೆ. ಟಿವಿ, ಇನ್ವರ್ಟರ್ ಪ್ಲಗ್ ಕೀಳುವುದಿದ್ದರೆ ಗುಡುಗು ಶುರುವಾಗುವ ಮೊದಲೇ ಕೀಳಬೇಕು. ಸಿಡಿಲು ಬಡಿಯುತ್ತಿರುವಾಗ ಪ್ಲಗ್ಗಿಗೆ ಕೈ ಹಾಕಬಾರದು. ಚಾರ್ಜಿಗೆ ಹಾಕಿರದ ಮೊಬೈಲಿನಲ್ಲಿ ಮಾತಾಡಬಹುದು, ಅದು ಸಿಡಿಲನ್ನು ಕರೆಯುವುದಿಲ್ಲ.

ಕೆಲಸಕ್ಕೆ ಮತ್ತೆ ಇಳಿಯುವುದು ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆದ ಮೇಲೆ. ಇಪ್ಪತ್ತೆಂಟನೇ ನಿಮಿಷಕ್ಕೆ ಇನ್ನೊಂದು ಗುಡುಗು ಕೇಳಿದರೆ ಮತ್ತೆ ಸೊನ್ನೆಯಿಂದ. ಎಲ್ಲರಿಗೂ ಬೇಜಾರು ಬರುವುದು ಈ ನಿಯಮಕ್ಕೇ. ಮಳೆ ನಿಂತಿದೆ, ಬಿಸಿಲು ಬಿದ್ದಿದೆ, ಸುಮ್ನೆ ಕೂತಿದ್ದೇವೆ ಅನಿಸುತ್ತದೆ. ಆದರೆ ಮೋಡದ ಹಿಂಭಾಗ ಇನ್ನೂ ತಲೆ ಮೇಲೇ ಇರುತ್ತದೆ. ಮಳೆ ಹೋಯಿತು ಅಂತ ಹೊರಬಿದ್ದವರಿಗೆ ಬಡಿದ ಉದಾಹರಣೆಗಳು ಬಹಳ ಇವೆ.

ಇಲ್ಲಿ ಕೂಲಿಯ ಮಾತು ಬರುತ್ತದೆ. ಹೇಳದೆ ಬಿಡಲು ಆಗುವುದಿಲ್ಲ. ಮರಕ್ಕಿಷ್ಟು ಅಂತ ಗುತ್ತಿಗೆಗೆ ಬಂದವರು ಗುಡುಗಿಗೆ ನಿಲ್ಲುವುದಿಲ್ಲ, ಯಾಕೆಂದರೆ ನಿಂತಷ್ಟು ಹೊತ್ತೂ ಅವರ ಜೇಬಿಗೆ ನಷ್ಟ. ಬೆಳಗ್ಗೆ ಕೆಲಸ ಶುರುವಾಗುವಾಗಲೇ ಹೇಳಿಬಿಡಿ: ಗುಡುಗಿಗೆ ನಿಂತ ಹೊತ್ತಿಗೂ ಕೂಲಿ ಇದೆ. ‘ನಿಲ್ಲಿಸಿ’ ಅಂತ ಏಳು ಜನರಲ್ಲಿ ಯಾರು ಬೇಕಾದರೂ ಕೂಗಬಹುದು, ಯಾರೂ ವಾದ ಮಾಡುವಂತಿಲ್ಲ. ‘ಶುರು ಮಾಡಿ’ ಅಂತ ಹೇಳುವವರು ಮಾತ್ರ ಒಬ್ಬರೇ, ಅವರ ಕೈಯಲ್ಲಿ ಗಡಿಯಾರ. ಇನ್ನೂ ಒಳ್ಳೆಯದು ಅಂದರೆ ಸಿಡಿಲಿನ ಕಾಲದ ಕೆಲಸದ ದಿನಗಳಲ್ಲಿ ಬೆಳಗ್ಗೆ ಆರೂವರೆಗೆ ಶುರು ಮಾಡಿ, ಮಧ್ಯಾಹ್ನ ಒಂದಕ್ಕೆ ಮುಗಿಸುವುದು. ನಾನು ಈಗ ಹಾಗೇ ಮಾಡಿಸುತ್ತಿದ್ದೇನೆ.

ದೋಟಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಈಗ ಎಲ್ಲ ಕಡೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ನೆಲದಲ್ಲೇ ನಿಂತು ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ಮರ ಹತ್ತುವ ಅಪಾಯ ತಪ್ಪಿಸಿದ ಉಪಕರಣ ಅದು, ನನಗೂ ಮೆಚ್ಚುಗೆ ಇದೆ. ಆದರೆ ಕಾರ್ಬನ್ ವಿದ್ಯುತ್ ಹರಿಸುತ್ತದೆ. ನೋಡಲು ಪ್ಲಾಸ್ಟಿಕ್ ತರ ಇದೆ ಅಂತ ಮೋಸ ಹೋಗಬೇಡಿ. ಅರವತ್ತು ಅಡಿ ದೋಟಿ ಎತ್ತಿ ಹಿಡಿದಾಗ ಅದರ ತುದಿ ಅಡಿಕೆ ಸುಳಿಯಿಂದಲೂ ಮೇಲೆ ಹೋಗಿರುತ್ತದೆ. ಬುಡದಲ್ಲಿ ಒದ್ದೆ ಕೈ. ಗುಡುಗಿನ ಹೊತ್ತಲ್ಲಿ ಇದು ಕೈಯಲ್ಲಿ ಹಿಡಿದ ಸಿಡಿಲು ಕಂಬಿಯೇ ಸರಿ. ಮೊದಲು ನೆಲಕ್ಕೆ ಬರಬೇಕಾದದ್ದು ಅದು. ಇಳಿಸುವ ಅವಸರದಲ್ಲಿ ಪಕ್ಕದ ಕರೆಂಟ್ ತಂತಿಗೆ ತಾಗದಂತೆ ನೋಡಿಕೊಳ್ಳಿ.

‘ತೋಟ ತಗ್ಗಿನಲ್ಲಿದೆ, ಸಿಡಿಲು ಗುಡ್ಡಕ್ಕೆ ಹೊಡೆಯುತ್ತೆ’ ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಗುಡ್ಡದ ನೆತ್ತಿಗೆ ಜಾಸ್ತಿ ಬಡಿಯುವುದು ನಿಜ. ಆದರೆ ಮೇಲಿಂದ ಇಳಿಯುವ ಸಿಡಿಲಿಗೆ ಕೆಳಗೆ ಏನಿದೆ ಅನ್ನುವುದು ದೂರದಿಂದ ‘ಕಾಣುವುದಿಲ್ಲ’. ನೆಲದಿಂದ ಹತ್ತಾರು ಮೀಟರ್ ಎತ್ತರಕ್ಕೆ ಬಂದ ಮೇಲೆಯೇ ಹತ್ತಿರದ ವಸ್ತುಗಳಲ್ಲಿ ಒಂದನ್ನು ಹಿಡಿಯುತ್ತದೆ. ಅರ್ಧ ಕಿಲೋಮೀಟರ್ ದೂರದ ಗುಡ್ಡ ನಿಮ್ಮ ತೋಟವನ್ನು ಕಾಯುವುದಿಲ್ಲ. ಅದೇ ಕಾರಣಕ್ಕೆ ಗುಡ್ಡದ ಮೇಲಿನ ಮೊಬೈಲ್ ಟವರೂ ಕೆಳಗಿನ ತೋಟವನ್ನು ಕಾಯುವುದಿಲ್ಲ.

ಮರದ ಕೆಳಗೆ ನಿಲ್ಲಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಎಷ್ಟು ದೂರ ನಿಂತರೆ ಸಾಕು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಸಿಡಿಲು ನೇರವಾಗಿ ತಲೆಗೆ ಬಡಿದು ಸಾಯುವವರು ಬಹಳ ಕಡಿಮೆ, ನೂರಕ್ಕೆ ಐದರಷ್ಟೂ ಇಲ್ಲ ಅಂತ ಇದನ್ನು ಅಧ್ಯಯನ ಮಾಡಿದ ವೈದ್ಯರ ಅಂದಾಜು. ಸುಮಾರು ಅರ್ಧ ಜನರಿಗೆ ಪೆಟ್ಟಾಗುವುದು ನೆಲದಲ್ಲಿ ಹರಡುವ ವಿದ್ಯುತ್ತಿನಿಂದ. ಮರಕ್ಕೆ ಬಡಿದ ಸಿಡಿಲು ಬೇರಿನಿಂದ ಸುತ್ತಲೂ ಹರಡುತ್ತದೆ. ಎರಡು ಕಾಲು ಅಗಲಿಸಿ ನಿಂತರೆ ಒಂದು ಕಾಲಿನ ಕೆಳಗೆ ಒಂದು ವೋಲ್ಟೇಜು, ಇನ್ನೊಂದರ ಕೆಳಗೆ ಇನ್ನೊಂದು. ಆ ವ್ಯತ್ಯಾಸ ಮೈಯೊಳಗೆ ವಿದ್ಯುತ್ ಹರಿಸುತ್ತದೆ.

ಒಂದು ಅಂದಾಜು ಲೆಕ್ಕ ಕೊಡುತ್ತೇನೆ. 30,000 ಆಂಪಿಯರ್ ಸಿಡಿಲು, ನಮ್ಮ ಜಂಬಿಟ್ಟಿಗೆ ನೆಲದಂಥ ಒಣ, ವಿದ್ಯುತ್ ಸುಲಭಕ್ಕೆ ಹರಿಯದ ನೆಲ ಅಂದುಕೊಳ್ಳಿ. ಮರದಿಂದ 10 ಮೀಟರ್ ದೂರ, ಅರ್ಧ ಮೀಟರ್ ಕಾಲು ಅಗಲಿಸಿ ನಿಂತವನ ಎರಡು ಪಾದದ ನಡುವೆ 20,000 ವೋಲ್ಟಿಗೂ ಜಾಸ್ತಿ ಬರುತ್ತದೆ, ಕ್ಷಣದ ಸಣ್ಣ ಪಾಲಿನಷ್ಟು ಹೊತ್ತು. ಅಲ್ಲೇ ಪಾದ ಜೋಡಿಸಿ ನಿಂತರೆ ಅದು 5,000ಕ್ಕಿಂತ ಕೆಳಗೆ ಇಳಿಯುತ್ತದೆ. 30 ಮೀಟರ್ ದೂರ ಹೋದರೆ ಕಾಲು ಅಗಲಿಸಿದ್ದರೂ 3,000ದ ಒಳಗೆ. ಅದೇ 10 ಮೀಟರಿನಲ್ಲಿ ಮರದ ಕಡೆ ಮುಖ ಮಾಡಿ ನಿಂತ ಹಸುವಿನ ಮುಂಗಾಲು ಹಿಂಗಾಲಿನ ನಡುವೆ 60,000 ದಾಟುತ್ತದೆ, ಅದು ಹೃದಯದ ಮೂಲಕವೇ ಹರಿಯುತ್ತದೆ. ಬ್ಯಾಣದಲ್ಲಿ ಒಂದೇ ಮರದ ಕೆಳಗೆ ನಾಲ್ಕೈದು ದನ ಒಟ್ಟಿಗೆ ಸತ್ತು ಬೀಳುವುದು ಇದಕ್ಕೇ. ಮೋಡ ಏಳುವ ದಿನ ಮಧ್ಯಾಹ್ನವೇ ದನ ಹೊಡೆದುಕೊಂಡು ಬನ್ನಿ.

ತಂತಿ ಬೇಲಿ, ಸೋಲಾರ್ ಬೇಲಿ ಇದ್ದರೆ ದೂರದ ಲೆಕ್ಕ ಕೆಲಸ ಮಾಡುವುದಿಲ್ಲ. ನೂರು ಮೀಟರ್ ಆಚೆ ಬೇಲಿಗೆ ಬಡಿದದ್ದು ನೀವು ಮುಟ್ಟಿದ ಜಾಗಕ್ಕೂ ಬರುತ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ತಮ್ಮನ ವಿಷಯಕ್ಕೆ ಆ ಘಟನೆಯಿಂದಲೇ ಬರುತ್ತೇನೆ. ಹೊಸನಗರ ಕಡೆಯ ಒಂದು ಗುಡ್ಡದ ಮೇಲಿನ ಟವರ್, ಅಕ್ಟೋಬರ್ ತಿಂಗಳು. ಆಗ ನಾನು ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿಯ ನಾಲ್ಕು ಜನ ಹುಡುಗರು. ನಾವು ನಿಂತ ಕಡೆ ಬಿಸಿಲು. ಜನರೇಟರ್ ಓಡುತ್ತಿತ್ತು, ಹಾಗಾಗಿ ಗುಡ್ಡದ ಆಚೆಯ ಗುಡುಗು ಯಾರಿಗೂ ಕೇಳಿರಲಿಲ್ಲ. ಮೇಲೆ ಆಂಟೆನಾ ಬೋಲ್ಟ್ ಬಿಗಿಯುತ್ತಿದ್ದ ಹುಡುಗ ‘ಅಣ್ಣಾ, ಸ್ಪಾನರ್ ಜುಂಯ್ ಅಂತಿದೆ’ ಅಂತ ಕೂಗಿದ. ಕೈ ಮೇಲಿನ ಕೂದಲು ನಿಂತಿದೆ ಅಂದ. ಸುತ್ತ ವಿದ್ಯುತ್ ತುಂಬಿಕೊಂಡಿದೆ, ಯಾವ ಕ್ಷಣಕ್ಕಾದರೂ ಬಡಿಯುತ್ತದೆ ಅನ್ನುವುದಕ್ಕೆ ಅದು ಕೊನೆಯ ಸೂಚನೆ. ಎಲ್ಲ ಬಿಟ್ಟು ಇಳಿ ಅಂದೆ. ಫೋನಿನಲ್ಲಿ ಮೇಲಿನವರೊಬ್ಬರು ‘ಒಂದೇ ಬೋಲ್ಟ್ ಉಳಿದಿದೆಯಲ್ಲ, ಹತ್ತು ನಿಮಿಷ’ ಅನ್ನುತ್ತಲೇ ಇದ್ದರು. ಅವನು ಇಳಿದು ಗಾಡಿಯೊಳಗೆ ಸೇರಿದ. ಕೆಳಗಿದ್ದ ಇನ್ನೊಬ್ಬ ಟವರ್ ಸುತ್ತಲಿನ ಬೇಲಿಯ ಗೇಟು ಹಾಕಲು ಚಿಲಕ ಹಿಡಿದಿದ್ದ. ಆಗ ಟವರಿಗೆ ಬಡಿಯಿತು. ಅವನು ಎರಡು ಮಾರು ದೂರ ಹೋಗಿ ಬಿದ್ದ. ಬದುಕಿದ, ಆದರೆ ಒಂದು ಕಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಅವನು ಟವರ್ ಹತ್ತಿಯೇ ಇರಲಿಲ್ಲ.

ಟವರ್ ತುದಿಯ ಕಂಬಿ ಸಿಡಿಲನ್ನು ತಡೆಯುವುದಿಲ್ಲ. ತನ್ನ ಮೇಲೆ ಬೀಳಿಸಿಕೊಂಡು, ಪಟ್ಟಿಯ ಮೂಲಕ ಅರ್ಥಿಂಗ್ ಗುಂಡಿಗೆ ಇಳಿಸುತ್ತದೆ. ಉಪಕರಣ ಸುಟ್ಟುಹೋಗದೆ ಉಳಿಯಲಿ ಅಂತ ಇರುವ ಏರ್ಪಾಡು ಅದು. ಆ ಹೊತ್ತಲ್ಲಿ ಇಡೀ ಟವರ್ ಕಬ್ಬಿಣವೇ ಸಿಡಿಲಿನ ದಾರಿ. ನಿಮ್ಮ ತಮ್ಮ ಅದನ್ನೇ ತಬ್ಬಿಕೊಂಡು ನಿಂತಿರುತ್ತಾನೆ. ಅವನನ್ನು ಒಂದು ಪ್ರಶ್ನೆ ಕೇಳಿ: ತುದಿಯಿಂದ ಇಳಿದು ಗಾಡಿಯೊಳಗೆ ಕೂರಲು ಎಷ್ಟು ನಿಮಿಷ? ನಲವತ್ತು ಮೀಟರ್ ಟವರಿನಲ್ಲಿ ಕೊಕ್ಕೆ ಹಾಕುತ್ತಾ ತೆಗೆಯುತ್ತಾ ಸರಿಯಾಗಿ ಇಳಿಯಲು ಹತ್ತು ಹದಿನೈದು ನಿಮಿಷ ಬೇಕು. ಅವಸರಕ್ಕೆ ಕೊಕ್ಕೆ ಹಾಕದೆ ಇಳಿದರೆ ಸಿಡಿಲಿಗಿಂತ ಮೊದಲು ಬೀಳುವ ಅಪಾಯ. ಹಾಗಾಗಿ ಅವನಿಗೆ ಮೊದಲ ಗುಡುಗಿನ ನಿಯಮ ಸಾಲದು. ನಾನು ನಮ್ಮ ಹುಡುಗರಿಗೆ ಇಟ್ಟಿದ್ದ ನಿಯಮ ಇದು. 40 ಕಿಲೋಮೀಟರ್ ಒಳಗೆ ಸಿಡಿಲು ಕಂಡರೆ ಹೊಸದಾಗಿ ಹತ್ತುವಂತಿಲ್ಲ. 20ರ ಒಳಗೆ ಬಂದರೆ ಮೇಲಿದ್ದವರು ಇಳಿಯಬೇಕು. ಗುಡುಗು ಕೇಳಿದರೆ, ಸ್ಪಾನರ್ ಜುಂಯ್ ಅಂದರೆ, ಸಾಮಾನು ಬೀಳದಂತೆ ಕಟ್ಟಿಬಿಟ್ಟು ತಕ್ಷಣ ಇಳಿಯಬೇಕು. ಕೆಳಗೆ ಒಬ್ಬನ ಕೆಲಸ ಆಕಾಶ ಮತ್ತು ಫೋನು ನೋಡುವುದು ಮಾತ್ರ. ಅವನು ಜನರೇಟರ್ ಪಕ್ಕ ನಿಲ್ಲಬಾರದು.

ಇಳಿದ ಮೇಲೆ ಟವರ್ ಕಾಲು, ಕೇಬಲ್ಲು, ಬೇಲಿ, ಅರ್ಥಿಂಗ್ ಗುಂಡಿ ಯಾವುದರ ಹತ್ತಿರವೂ ಇರದೆ ತಗಡಿನ ಮೈಯ ಗಾಡಿಗೆ ಸೇರಬೇಕು. ಗಾಡಿ ಬೇಲಿಯ ಹೊರಗೆ, ಸಾಧ್ಯವಾದಷ್ಟು ದೂರ ನಿಂತಿರಲಿ. ಗಾಡಿ ಇಲ್ಲದಿದ್ದರೆ ನಾಲ್ಕೂ ಗೋಡೆ ಇರುವ ಉಪಕರಣದ ಕೊಠಡಿ ಎರಡನೇ ಆಯ್ಕೆ. ಬಾಗಿಲು ಮುಚ್ಚಿ, ರ‍್ಯಾಕು, ಪ್ಯಾನೆಲ್ ಮುಟ್ಟದೆ ನಡುವೆ ನಿಲ್ಲಬೇಕು. ಫೈಬರ್ ಕೇಬಲ್ ಜೋಡಿಸುವವರು ‘ಗಾಜಿನ ಎಳೆ, ಕರೆಂಟ್ ಹರಿಯಲ್ಲ’ ಅನ್ನುತ್ತಾರೆ. ಎಳೆಯಲ್ಲಿ ಹರಿಯುವುದಿಲ್ಲ, ಆದರೆ ಅನೇಕ ಕೇಬಲ್ಲುಗಳಲ್ಲಿ ಎಳೆಯ ಸುತ್ತ ಉಕ್ಕಿನ ಕವಚ ಇರುತ್ತದೆ, ಕಂಬದ ಮೇಲಿನ ಕೇಬಲ್ಲಿಗೆ ಉಕ್ಕಿನ ತಂತಿಯ ಆಸರೆ ಇರುತ್ತದೆ. ಗುಡುಗು ಕೇಳಿದರೆ ಕೇಬಲ್ ಕೆಳಗಿಟ್ಟು ಗುಂಡಿಯಿಂದ ಮೇಲೆ ಬರಲಿ.

ಇಷ್ಟೆಲ್ಲ ಮಾಡಿಯೂ ತೋಟದ ನಡುವೆ ಸಿಕ್ಕಿಹಾಕಿಕೊಂಡರೆ? ಅಲ್ಲಿ ಸುರಕ್ಷಿತ ಜಾಗ ಅಂತ ಇಲ್ಲ. ಮನೆ ಕಡೆ ನಡೆಯುತ್ತಲೇ ಇರಿ. ಏಳು ಜನ ಒಟ್ಟಿಗೆ ಗುಂಪಾಗಿ ಬೇಡ, ಒಬ್ಬರಿಂದ ಒಬ್ಬರಿಗೆ ಹದಿನೈದು ಇಪ್ಪತ್ತು ಮೀಟರ್ ಬಿಡಿ. ಒಂದೇ ಪೆಟ್ಟಿಗೆ ಎಲ್ಲರೂ ಬೀಳದಿರಲಿ, ನಿಂತವರು ಬಿದ್ದವರನ್ನು ನೋಡಿಕೊಳ್ಳಲು ಆಗಲಿ. ಒಂಟಿ ಮರ, ಬೇಲಿ, ಹಳ್ಳದ ನೀರು ಬಿಟ್ಟು ನಡೆಯಿರಿ. ನೆಲದ ಮೇಲೆ ಮಲಗಲೇಬಾರದು. ಮೈ ಜುಂ ಅಂದರೆ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು ಕಿವಿ ಮುಚ್ಚಿಕೊಳ್ಳಿ. ಇದು ರಕ್ಷಣೆ ಅಲ್ಲ, ಪೆಟ್ಟು ಸ್ವಲ್ಪ ಕಡಿಮೆ ಆಗಬಹುದು ಅಷ್ಟೇ. ಆ ಕ್ಷಣ ಕಳೆದ ಮೇಲೆ ಎದ್ದು ಮತ್ತೆ ನಡೆಯಿರಿ.

ಯಾರಿಗಾದರೂ ಬಡಿದರೆ ಮುಟ್ಟಲು ಹೆದರಬೇಡಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ನಮ್ಮ ಕಡೆ ಈ ಹೆದರಿಕೆಯಲ್ಲೇ ಮೊದಲ ಐದು ನಿಮಿಷ ಹೋಗಿಬಿಡುತ್ತದೆ. ಹಲವರು ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು, ಸತ್ತಂತೆ ಬಿದ್ದವರ ಹತ್ತಿರ ಮೊದಲು ಹೋಗಿ. ನರಳುವವರು ಉಸಿರಾಡುತ್ತಿದ್ದಾರೆ, ಸಾಮಾನ್ಯವಾಗಿ ಬದುಕುತ್ತಾರೆ. ಸಿಡಿಲು ಹೃದಯವನ್ನು ಒಮ್ಮೆ ನಿಲ್ಲಿಸುತ್ತದೆ. ಅದು ತಾನಾಗೇ ಮತ್ತೆ ಶುರುವಾಗಬಹುದು, ಆದರೆ ಉಸಿರಾಟ ಅಷ್ಟು ಬೇಗ ಮರಳುವುದಿಲ್ಲ. ಉಸಿರು ಸಿಗದೆ ಹೃದಯ ಎರಡನೇ ಸಲ ನಿಲ್ಲುತ್ತದೆ. ಬದುಕಿಸಲು ಇರುವ ಸಮಯ ಆ ನಡುವಿನದು. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಕೈ ಇಟ್ಟು, ಎರಡು ಇಂಚು ಒಳಗೆ ಹೋಗುವಷ್ಟು ಜೋರಾಗಿ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲದ ವೇಗದಲ್ಲಿ ಒತ್ತಲಿ. ಮೂವತ್ತು ಸಲ ಒತ್ತಿ, ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಎರಡು ಸಲ ಉಸಿರು ಕೊಡಿ. ಮತ್ತೆ ಮೂವತ್ತು. ಇನ್ನೂ ಗುಡುಗುತ್ತಿದ್ದರೆ, ಗಾಡಿ ಹತ್ತಿರ ಇದ್ದರೆ, ಎತ್ತಿ ಅಲ್ಲಿಗೆ ಸಾಗಿಸಿ ಮುಂದುವರಿಸಿ. ಮಲೆನಾಡಿನ ದಾರಿಯಲ್ಲಿ ಆಂಬುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ. ಒತ್ತುವವರು ಎರಡು ನಿಮಿಷಕ್ಕೇ ಸುಸ್ತಾಗುತ್ತಾರೆ, ಆಗ ಪಕ್ಕದವರು ಕೂರಬೇಕು. ನಿಮ್ಮ ಏಳು ಜನರಲ್ಲಿ ಇದನ್ನು ಮೊದಲೇ ಕಲಿತವರು ಕೊನೇ ಪಕ್ಷ ಇಬ್ಬರಾದರೂ ಇರಲಿ.